ನಾಲಿಗೆಯ ತುದಿ, ಮೂರು ಪಿಸ್ಟನ್

ಬಿ-ಫ್ಲಾಟ್ ಟ್ರಂಪೆಟ್ಟಿನ ಸುರುಳಿಯನ್ನು ಬಿಡಿಸಿ ನೇರ ಮಾಡಿದರೆ ಸುಮಾರು 148 ಸೆಂ.ಮೀ. ಉದ್ದದ ಕೊಳವೆ ಆದೀತು. ಅದಕ್ಕಿರುವುದು ಮೂರೇ ಪಿಸ್ಟನ್. ಇಷ್ಟರಲ್ಲೇ ಎಲ್ಲ ಸ್ವರಗಳೂ ಹೇಗೆ ಹೊರಡುತ್ತವೆ ಎಂದು ತಿಳಿಯಲು ಕೆಳಗಿನ ‘ಡಿ’ ಸ್ವರವೊಂದನ್ನು ನೋಡಿದರೆ ಸಾಕು.

ಪಿಸ್ಟನ್ ಒತ್ತದೆ ಊದಿದರೆ, ತುಟಿಯನ್ನು ಎಷ್ಟೇ ಬಿಗಿ-ಸಡಿಲ ಮಾಡಿದರೂ ಕೆಲವೇ ಸ್ವರಗಳು ಸಿಗುತ್ತವೆ. ‘ಸಿ’ ಇದೆ, ಅದರ ಮೇಲೆ ‘ಜಿ’ ಇದೆ. ‘ಸಿ’ಯನ್ನು ಷಡ್ಜ ಎಂದುಕೊಂಡರೆ ಸ, ಪ ಇವೆ, ನಡುವಿನ ರಿ, ಗ, ಮ ಇಲ್ಲ. ‘ಪ’ದಿಂದ ‘ರಿ’ಗೆ, ಅಂದರೆ ‘ಡಿ’ಗೆ ಇಳಿಯಬೇಕಾದರೆ ಕೊಳವೆಯೇ ಉದ್ದವಾಗಬೇಕು.

ಆ ಕೆಲಸ ಪಿಸ್ಟನ್ನಿನದು. ಒತ್ತಿದೊಡನೆ ಅದರ ಮೈಯಲ್ಲಿರುವ ರಂಧ್ರಗಳು ಪಕ್ಕದ ಕಿರುಕೊಳವೆಯ ಬಾಯಿಗೆ ಕೂಡಿಕೊಳ್ಳುತ್ತವೆ, ಗಾಳಿಯ ದಾರಿಗೆ ಒಂದು ಸುತ್ತು ಸೇರುತ್ತದೆ. ನಡುವಿನ ಪಿಸ್ಟನ್ ಸುಮಾರು 9 ಸೆಂ.ಮೀ. ಸೇರಿಸಿ ಅರ್ಧ ಸ್ವರ ಇಳಿಸುತ್ತದೆ. ಮೊದಲನೆಯದು 18 ಸೆಂ.ಮೀ. ಸೇರಿಸಿ ಒಂದು ಸ್ವರ, ಮೂರನೆಯದು 28 ಸೆಂ.ಮೀ. ಸೇರಿಸಿ ಒಂದೂವರೆ ಸ್ವರ ಇಳಿಸುತ್ತದೆ.

‘ಡಿ’ಗೆ ಮೊದಲನೆಯದು, ಮೂರನೆಯದು ಎರಡನ್ನೂ ಒತ್ತಬೇಕು. ತೊಡಕಿರುವುದು ಇಲ್ಲೇ. ಮೂರನೆಯದನ್ನು ಒತ್ತಿದಾಗ ಕೊಳವೆ ಆಗಲೇ 176 ಸೆಂ.ಮೀ. ಆಗಿರುತ್ತದೆ. ಅಷ್ಟುದ್ದದ ಕೊಳವೆ ಇನ್ನೊಂದು ಸ್ವರ ಇಳಿಯಲು ಸುಮಾರು 21.5 ಸೆಂ.ಮೀ. ಬೇಕು, ಮೊದಲ ಪಿಸ್ಟನ್ ಕೊಡುವುದು 18 ಮಾತ್ರ, ಏಕೆಂದರೆ ಅದರ ಅಳತೆ ತೆಗೆದದ್ದು 148ರ ಕೊಳವೆಗೆ. ಕೊರತೆ ಮೂರೂವರೆ ಸೆಂ.ಮೀ. ಆದ್ದರಿಂದ ‘ಡಿ’ ಏರುಶ್ರುತಿಯಲ್ಲಿ ಕೇಳುತ್ತದೆ. ವಾದಕರು ಎಡಗೈ ಉಂಗುರ ಬೆರಳಿನಿಂದ ಮೂರನೆಯ ಪಿಸ್ಟನ್ನಿನ ಸ್ಲೈಡನ್ನು ಹೊರಕ್ಕೆ ದೂಡುವುದು ಇದಕ್ಕಾಗಿಯೇ. ಸ್ಲೈಡ್ ಹಿಮ್ಮುರಿ ತಿರುವಿನಂತಿರುವುದರಿಂದ ಒಂದೂಮುಕ್ಕಾಲು ಸೆಂ.ಮೀ. ದೂಡಿದರೆ ಗಾಳಿಯ ದಾರಿ ಅದರ ಎರಡರಷ್ಟು ಬೆಳೆಯುತ್ತದೆ.

ಇನ್ನು ಸ್ವರದ ಆರಂಭ. ಅದು ನಾಲಿಗೆಯ ಕೈಯಲ್ಲಿದೆ. ‘ತು’ ಎನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗುತ್ತದಲ್ಲ, ಅಲ್ಲೇ ತಡೆದು ಬಿಡಬೇಕು. ನಾಲಿಗೆ ಗಾಳಿಯನ್ನು ತಳ್ಳುವುದಿಲ್ಲ. ಒತ್ತಿ ನಿಂತ ಗಾಳಿಗೆ ಬಾಗಿಲು ತೆರೆಯುತ್ತದೆ, ಅಷ್ಟೆ. ‘ದು’ ಎಂದರೆ ಆರಂಭ ಮೆತ್ತಗಾಗುತ್ತದೆ. ವೇಗ ಹೆಚ್ಚಿದಾಗ ತುದಿನಾಲಿಗೆ ಒಂದರಿಂದಲೇ ಸಾಗದು. ‘ತು-ಕು’ ಎಂದು ನಾಲಿಗೆಯ ಹಿಂಭಾಗವೂ ಸರದಿ ಹಂಚಿಕೊಳ್ಳುತ್ತದೆ. ಪ್ಯಾರಿಸ್ಸಿನ ಅರ್ಬಾನ್ 1864ರ ತಮ್ಮ ಪಠ್ಯದಲ್ಲಿ ಇದಕ್ಕೆಂದೇ ಅಭ್ಯಾಸಗಳನ್ನು ಬರೆದರು. ಕೊನ್ನಕ್ಕೋಲಿನ ‘ತಕ ತಕ’ ಹೇಳಿ ಬಲ್ಲವರ ಬಾಯಿಗೆ ಈ ಚಲನೆ ಹೊಸದಲ್ಲ. ಆದರೆ ‘ಕು’ ಸಹಜವಾಗಿ ದುರ್ಬಲ, ಹಾಗಾಗಿ ಬರೀ ‘ಕು-ಕು’ ಎಂದು ನಿಧಾನವಾಗಿ ಸಾಧಿಸಬೇಕಾಗುತ್ತದೆ.

ಬೆರಳು, ನಾಲಿಗೆ ಜೊತೆ ತಪ್ಪಿದರೆ ಎರಡು ಸ್ವರಗಳ ನಡುವೆ ಕಲಸಿದ ಸದ್ದು ಬರುತ್ತದೆ; ಪಿಸ್ಟನ್ ಅರ್ಧಕ್ಕೆ ಇಳಿದಾಗಲೇ ಬಾಗಿಲು ತೆರೆದಿರುತ್ತದೆ. ತಪ್ಪು ಯಾವುದರದು ಎಂದು ತಿಳಿಯಲು ‘ಸಿ’ಯಿಂದ ‘ಡಿ’ಗೆ ಮೊದಲು ನಾಲಿಗೆ ಬಳಸದೆ ಜಾರಿಸಿ, ಆಮೇಲೆ ‘ತು ತು’ ಎಂದು ನುಡಿಸಬೇಕು. ಜಾರಿಸಿದಾಗಲೂ ಕಲಸಿದರೆ ಬೆರಳು ನಿಧಾನ, ‘ತು’ ಎಂದಾಗ ಮಾತ್ರ ಕಲಸಿದರೆ ನಾಲಿಗೆ ಬೆರಳಿಗಾಗಿ ಕಾದಿಲ್ಲ.