ಫೋನಿನಲ್ಲಿ ಡಾಕ್ಟರ್ ನೋಡಿದ ಮೇಲೆ ಬರೆಯುವ ಟಿಪ್ಪಣಿಯಲ್ಲಿ ಏನಿರಬೇಕು?

‘ವಿಡಿಯೊ ಕಾಲ್‌ನಲ್ಲೇ ಡಾಕ್ಟರ್ ನೋಡಿದ್ದಾರೆ, ಬರೀ ಗ್ಯಾಸ್ಟ್ರಿಕ್ ಅಂತೆ, ಇನ್ನು ಆಸ್ಪತ್ರೆ ಯಾಕೆ?’ ಈ ಮಾತು ನಿಮ್ಮ ಮನೆಯಲ್ಲೂ ಕೇಳಿರಬಹುದು. ಫೋನಿನಲ್ಲಿ ನೋಡುವುದಕ್ಕೂ ಪರೀಕ್ಷೆ ಮಾಡುವುದಕ್ಕೂ ಇರುವ ವ್ಯತ್ಯಾಸ ವೈದ್ಯರ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಕಾಣಬೇಕು. ಭಾರತದಲ್ಲಿ ಟೆಲಿಮೆಡಿಸಿನ್‌ಗೆ 2020ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಬಂದಿದೆ. ಅದರಂತೆ ವೈದ್ಯರು ಸಮಾಲೋಚನೆಯ ದಾಖಲೆ ಇಟ್ಟುಕೊಳ್ಳಬೇಕು.

ಒಂದು ಕಲ್ಪಿತ ಉದಾಹರಣೆ ನೋಡೋಣ. ಹಾವೇರಿ ಬಳಿಯ ಹಳ್ಳಿಯಲ್ಲಿರುವ 64 ವರ್ಷದ ತಂದೆಗೆ ಬೆಳಗಿನಿಂದ ಎದೆಯ ಕೆಳಗೆ ಉರಿ, ಬೆವರು. ಸಕ್ಕರೆ ಕಾಯಿಲೆಯೂ ಇದೆ. ಬೆಂಗಳೂರಿನಲ್ಲಿರುವ ಮಗ ವೈದ್ಯರಿಗೆ ಕಾಲ್ ಮಾಡಿ, ತಂದೆಯನ್ನೂ ವಿಡಿಯೊಗೆ ಸೇರಿಸುತ್ತಾನೆ. ಆಗ ಟಿಪ್ಪಣಿ ಹೀಗಿರಬಹುದು:

ಗುರುತು: ರೋಗಿಯ ಹೆಸರು, ವಯಸ್ಸು, ಊರು, ಫೋನ್ ನಂಬರ್ ಕೇಳಿ ಖಚಿತಪಡಿಸಿದೆ. ಕಾಲ್ ಮಾಡಿದವರು ಮಗ. ವೈದ್ಯರ ಹೆಸರು, ನೋಂದಣಿ ಸಂಖ್ಯೆ ತಿಳಿಸಿದೆ.

ಒಪ್ಪಿಗೆ: ‘ಫೋನಿನಲ್ಲಿ ಸಲಹೆ ಪಡೆಯಲು ಒಪ್ಪಿಗೆ ಇದೆ’ ಎಂದು ರೋಗಿಯೇ ಹೇಳಿದರು. ಸಮಯ ಬೆಳಿಗ್ಗೆ 9.40.

ಕಂಡದ್ದು: ಬೆವರುತ್ತಿದ್ದಾರೆ, ಮಾತು ಸ್ಪಷ್ಟವಾಗಿದೆ.

ನೋಡಲಾಗದ್ದು: ಹೊಟ್ಟೆ ಒತ್ತಿ ನೋಡಿಲ್ಲ, ಎದೆಬಡಿತ ಕೇಳಿಲ್ಲ, ಬಿಪಿ ಅಳೆದಿಲ್ಲ, ಇಸಿಜಿ ಇಲ್ಲ.

ಸಲಹೆ: ಹೃದಯಾಘಾತ ಅಲ್ಲ ಎಂದು ಹೇಳಲಾಗದು. ತಕ್ಷಣ 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಹೋಗಲು ಹೇಳಿದೆ.

ಗುರುತು ಯಾಕೆ ಬೇಕು? ವಯಸ್ಸು, ಹಳೆಯ ಕಾಯಿಲೆ ತಪ್ಪಾದರೆ ಸಲಹೆಯೂ ತಪ್ಪುತ್ತದೆ. ಇದೇ ಉರಿ 20ರ ಹುಡುಗನಿಗೆ ಬಂದಿದ್ದರೆ ವೈದ್ಯರು ಬೇರೆ ರೀತಿ ಯೋಚಿಸುತ್ತಿದ್ದರು. ಹಾಗಾಗಿ ಒಬ್ಬರ ಚೀಟಿಯ ಫೋಟೊ ಇನ್ನೊಬ್ಬರಿಗೆ ಫಾರ್ವರ್ಡ್ ಆಗಬಾರದು.

ಒಪ್ಪಿಗೆಯ ನಿಯಮ ಸರಳ. ರೋಗಿಯೇ ಕಾಲ್ ಮಾಡಿದರೆ ಒಪ್ಪಿಗೆ ಇದೆ ಎಂದೇ ಅರ್ಥ. ಆರೈಕೆ ಮಾಡುವವರು, ಆರೋಗ್ಯ ಕಾರ್ಯಕರ್ತರು ಅಥವಾ ವೈದ್ಯರೇ ಶುರುಮಾಡಿದರೆ ರೋಗಿ ಸ್ಪಷ್ಟವಾಗಿ ಒಪ್ಪಬೇಕು. ಮೆಸೇಜ್, ಆಡಿಯೊ ಅಥವಾ ವಿಡಿಯೊ ಮೂಲಕ ಹೇಳಿದರೂ ಸಾಕು, ಆದರೆ ಅದು ದಾಖಲಾಗಬೇಕು.

ಜೀವ ಉಳಿಸುವ ಸಾಲು ‘ನೋಡಲಾಗದ್ದು’. ಹೃದಯಾಘಾತವೂ ಕೆಲವೊಮ್ಮೆ ಗ್ಯಾಸ್ಟ್ರಿಕ್‌ನಂತೆಯೇ ಅನಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವು ಅಷ್ಟಾಗಿ ಕಾಣದೇ ಇರಬಹುದು. ಎರಡನ್ನೂ ಬೇರ್ಪಡಿಸಲು ಇಸಿಜಿ ಮತ್ತು ರಕ್ತಪರೀಕ್ಷೆ ಬೇಕು. ಕ್ಯಾಮೆರಾ ಎಷ್ಟೇ ಚೆನ್ನಾಗಿದ್ದರೂ ಅದು ಇಸಿಜಿ ಆಗದು. ಈ ಸಾಲು ಖಾಲಿ ಬಿಟ್ಟರೆ, ಮುಂದೆ ಚೀಟಿ ನೋಡುವವರು ಎಲ್ಲ ಪರೀಕ್ಷೆ ಆಗಿದೆ ಎಂದುಕೊಳ್ಳುತ್ತಾರೆ.

ಮುಂದಿನ ಬಾರಿ ಕಾಲ್ ಮುಗಿಸುವ ಮುನ್ನ ಎರಡು ಪ್ರಶ್ನೆ ಕೇಳಿ: ‘ಡಾಕ್ಟ್ರೇ, ಫೋನಿನಲ್ಲಿ ನಿಮಗೆ ಯಾವುದನ್ನು ನೋಡಲಾಗಲಿಲ್ಲ? ಏನಾದರೆ ನಾವು ತಕ್ಷಣ ಆಸ್ಪತ್ರೆಗೆ ಹೋಗಬೇಕು?’ ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.