ಆರು ಬೆಳಗಿಗೆ ಒಂದೇ ಕಥೆ

ಪರೀಕ್ಷೆ ಮುಗಿದು, ಮಕ್ಕಳು ಅಜ್ಜಿ ಊರಿನ ಬಸ್ಸು ಹತ್ತುವ ಮುಂಚೆ ಏಪ್ರಿಲ್‌ನಲ್ಲಿ ಒಂದು ವಾರ ಸಿಗುತ್ತದೆ. ಕರ್ನಾಟಕದ ಎಷ್ಟೋ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ವಿ.ಬಿ.ಎಸ್. ನಡೆಯುವುದು ಆ ವಾರದಲ್ಲೇ. ಪೂರ್ತಿ ಹೆಸರು ರಜಾಕಾಲದ ಸತ್ಯವೇದ ಶಾಲೆ, ಆದರೆ ಹಾಗೆ ಕರೆಯುವವರು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವವರು ಮಾತ್ರ. ಇದರ ಬೇರು ಅಮೆರಿಕದಲ್ಲಿದೆ. 1898ರ ಬೇಸಿಗೆಯಲ್ಲಿ ನ್ಯೂಯಾರ್ಕ್‌ನ ಈಸ್ಟ್ ಸೈಡ್ ಬೀದಿಗಳಲ್ಲಿ ಸುಮ್ಮನೆ ಅಲೆಯುತ್ತಿದ್ದ ಮಕ್ಕಳನ್ನು ಕಂಡು ಎಲೈಜಾ ಹಾಸ್ ಎಂಬ ಮಹಿಳೆ, ಬೇರೆ ಜಾಗ ಸಿಗದೆ, ಒಂದು ಬಿಯರ್ ಅಂಗಡಿಯನ್ನು ಬಾಡಿಗೆಗೆ ಹಿಡಿದು ಹಾಡು, ಕಥೆ, ಕೈಕೆಲಸದ ಶಾಲೆ ನಡೆಸಿದರು. ಜಾಗ ಬದಲಾಗಿದೆ, ಹಾಡು, ಕಥೆ, ಕೈಕೆಲಸ ಎಂಬ ಮೂರು ಹಾಗೇ ಉಳಿದಿವೆ.

ಆ ಮೂರೂ ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವುದೇ ಇಂದಿನ ಬಹುಪಾಲು ಶಿಬಿರಗಳ ಕಾಯಿಲೆ. ಸೋಮವಾರ ನೋಹನ ಕಥೆ, ಮಂಗಳವಾರ ದಾವೀದ, ಬುಧವಾರ ಯೋನ. ಕೈಕೆಲಸಕ್ಕೆ ಯಾರೋ ಮೊಬೈಲಿನಲ್ಲಿ ನೋಡಿದ ಐಸ್‌ಕ್ರೀಮ್ ಕಡ್ಡಿಯ ಮನೆ. ಗುರುವಾರದಿಂದ ಪಾಠ ನಿಲ್ಲಿಸಿ ಸಮಾರೋಪದ ಡ್ಯಾನ್ಸ್ ತಾಲೀಮು. ವಾರ ಮುಗಿದ ಮೇಲೆ ಮಗುವನ್ನು ಕೇಳಿದರೆ ಡ್ಯಾನ್ಸಿನ ಹೆಜ್ಜೆ ನೆನಪಿರುತ್ತದೆ, ಕಥೆ ಇರುವುದಿಲ್ಲ. ಇದಕ್ಕೆ ನನಗೆ ಒಪ್ಪುವ ಮದ್ದು ಒಂದೇ: ವಾರವಿಡೀ ಒಂದೇ ಕಥೆ, ಅದನ್ನು ಆರು ತುಂಡು ಮಾಡಿ, ಪ್ರತಿದಿನ ಕುತೂಹಲ ಕೆರಳುವ ಕಡೆ ನಿಲ್ಲಿಸುವುದು. ಕೈಕೆಲಸವೂ ಸಮಾರೋಪವೂ ಅದರಿಂದಲೇ ಹುಟ್ಟಬೇಕು.

ಯೋಸೇಫನ ಕಥೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದಿಕಾಂಡದ 37ನೇ ಅಧ್ಯಾಯದಲ್ಲಿ ಶುರುವಾಗಿ ಪುಸ್ತಕದ ಕೊನೆಯವರೆಗೂ ಹರಿಯುವ ಈ ಕಥೆ, ಧಾರಾವಾಹಿಯ ಹಾಗೆ ತಾನೇ ತುಂಡಾಗುತ್ತದೆ. ಸೋಮವಾರ ಅಪ್ಪ ಒಬ್ಬನಿಗೆ ಮಾತ್ರ ಹೊಲಿಸಿದ ನಿಲುವಂಗಿ, ಅಣ್ಣಂದಿರ ಹೊಟ್ಟೆಕಿಚ್ಚು. ಮಂಗಳವಾರ ನೀರಿಲ್ಲದ ಗುಂಡಿ, ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಾಟ. ಬುಧವಾರ ಪೋಟೀಫರನ ಮನೆ, ಸೆರೆಮನೆ, ಬಿಡುಗಡೆಯಾದ ಮೇಲೆ ಯೋಸೇಫನನ್ನು ಮರೆತೇಬಿಟ್ಟ ಪಾನದಾಯಕ. ಗುರುವಾರ ಫರೋಹನ ಕನಸು, ಏಳು ವರ್ಷದ ಸುಗ್ಗಿ, ಏಳು ವರ್ಷದ ಬರ. ಶುಕ್ರವಾರ ಧಾನ್ಯಕ್ಕಾಗಿ ಬಂದ ಅಣ್ಣಂದಿರು, ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿ ಪಾತ್ರೆ. ಶನಿವಾರ ಗುರುತು ಹೇಳಿಕೊಳ್ಳುವುದು, ಕ್ಷಮೆ.

ದಿನದ ವಿಷಯವನ್ನು ಮಗುವಿನ ಬದುಕಿನ ಒಂದೇ ಮಾತಿನಲ್ಲಿ ಬರೆದು ಬಾಗಿಲಿಗೆ ಅಂಟಿಸಬೇಕು: ಹೊಟ್ಟೆಕಿಚ್ಚು, ಒಂಟಿತನ, ನಂಬಿಗಸ್ತಿಕೆ, ಕೂಡಿಡುವುದು, ಮನಸ್ಸು ಬದಲಾಗುವುದು, ಕ್ಷಮೆ. ‘ದೇವರ ಮಹಿಮೆಯ ಯೋಜನೆ’ ಎಂಬಂಥ ತಲೆಬರಹ ಆರೂ ದಿನಕ್ಕೂ ಹೊಂದುತ್ತದೆ, ಆದ್ದರಿಂದ ಯಾವ ದಿನಕ್ಕೂ ಹೊಂದುವುದಿಲ್ಲ.

ಕಥೆ ಹೇಳುವವರು ಎರಡು ಕಡೆ ಎಡವುತ್ತಾರೆ. ಒಂದು, ಪೋಟೀಫರನ ಹೆಂಡತಿಯ ಪ್ರಸಂಗ. ಐದಾರು ವರ್ಷದವರಿಗೆ ‘ಯೋಸೇಫನ ಮೇಲೆ ಸುಳ್ಳು ದೂರು ಹೇಳಿದರು’ ಎಂದರೆ ಸಾಕು. ಹನ್ನೆರಡು ದಾಟಿದವರ ಗುಂಪಿನಲ್ಲಿ ಮುಚ್ಚುಮರೆ ಬೇಡ, ಅವರು ತಾವೇ ಓದಿಕೊಂಡಿರುತ್ತಾರೆ. ಇನ್ನೊಂದು ತಪ್ಪು ದೊಡ್ಡದು. ‘ಯೋಸೇಫ ಒಳ್ಳೆಯವನಾಗಿದ್ದ, ಅದಕ್ಕೇ ಅಧಿಕಾರಿಯಾದ’ ಎಂದು ಕಥೆ ಮುಗಿಸುವುದು. ಆದಿಕಾಂಡ 50:20ರಲ್ಲಿ ಯೋಸೇಫ ಹೇಳುವುದು ಬೇರೆ: ಅಣ್ಣಂದಿರು ಕೇಡೆಣಿಸಿದ್ದನ್ನೇ ದೇವರು ಜನರ ಪ್ರಾಣ ಉಳಿಸಲು ತಿರುಗಿಸಿದನು ಎಂದು. ವಾರದ ಕಂಠಪಾಠ ವಾಕ್ಯವೂ ಅದೇ ಆಗಲಿ. ದಿನಕ್ಕೊಂದು ವಾಕ್ಯ ಹೊರಿಸುವುದಕ್ಕಿಂತ ಒಂದನ್ನು ಆರು ದಿನ ತಿಕ್ಕುವುದು ಒಳ್ಳೆಯದು. ಬೋರ್ಡಿನ ಮೇಲೆ ಪೂರ್ತಿ ಬರೆದು, ಎಲ್ಲರೂ ಒಟ್ಟಿಗೆ ಹೇಳಿ, ದಿನಕ್ಕೆ ಎರಡು ಮೂರು ಪದ ಅಳಿಸುತ್ತಾ ಹೋದರೆ ಶನಿವಾರ ಬೋರ್ಡು ಖಾಲಿ, ವಾಕ್ಯ ಬಾಯಲ್ಲಿ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೂ ಪಕ್ಕದವರ ದನಿ ಹಿಡಿದು ಕಲಿಯುತ್ತಾರೆ.

ಇನ್ನು ಕೈಕೆಲಸ. ಅರವತ್ತು ಮಕ್ಕಳ ಶಿಬಿರ ಎಂದುಕೊಳ್ಳೋಣ. ದಿನಕ್ಕೊಂದು ಬಿಡಿ ವಸ್ತು ಮಾಡಿಸಿದರೆ ಅದು ಮನೆಗೆ ಹೋಗುವ ಆಟೋದಲ್ಲೇ ಮುರಿಯುತ್ತದೆ. ಬದಲಿಗೆ ಆರು ಮಡಿಕೆಯ ಪುಸ್ತಕ ಒಂದನ್ನು ಎಲ್ಲರೂ ವಾರವಿಡೀ ಕಟ್ಟಲಿ. ಅಂಗಡಿಯಲ್ಲಿ ಸಿಗುವ ಚಾರ್ಟ್ ಹಾಳೆ ಸಾಮಾನ್ಯವಾಗಿ 22 ಇಂಚು ಅಗಲ, 28 ಇಂಚು ಉದ್ದ ಇರುತ್ತದೆ. ಉದ್ದುದ್ದಕ್ಕೆ ಏಳೇಳು ಇಂಚಿನ ಮೂರು ಪಟ್ಟಿ ಬರುತ್ತವೆ, ಒಂದಿಂಚು ಉಳಿಯುತ್ತದೆ. ಹಾಗಾಗಿ ಅರವತ್ತು ಮಕ್ಕಳಿಗೆ ಇಪ್ಪತ್ತು ಹಾಳೆ, ಕೈತಪ್ಪಿಗೆ ಮೂರು ಹೆಚ್ಚು. ಪಟ್ಟಿಯನ್ನು ನಡುವೆ ಮಡಿಸಿ, ಪ್ರತಿ ಅರ್ಧವನ್ನು ಮತ್ತೆ ಮೂರು ಮಾಡಿದರೆ ಆರು ಪುಟ. ಹಿಂದೆ ಮುಂದೆ ಮಡಿಸಿದ ಪಟ್ಟಿ ಮೇಜಿನ ಮೇಲೆ ತಾನೇ ನಿಲ್ಲುತ್ತದೆ. ಪುಟ್ಟ ಮಕ್ಕಳಿಗೆ ಹಿಂದಿನ ದಿನವೇ ದೊಡ್ಡವರು ಮಡಿಸಿಡಬೇಕು.

ಮೊದಲ ಪುಟದಲ್ಲಿ ದರ್ಜಿ ಅಂಗಡಿಯಿಂದ ತಂದ ಬಣ್ಣದ ಬಟ್ಟೆ ಚೂರುಗಳ ನಿಲುವಂಗಿ. ಎರಡನೆಯದರಲ್ಲಿ ಕಪ್ಪು ಕಾಗದದ ಮುಚ್ಚಳ, ಎತ್ತಿದರೆ ಗುಂಡಿಯೊಳಗೆ ಹುಡುಗ. ಮೂರನೆಯದು ನೂಲು ಅಂಟಿಸಿದ ಸೆರೆಮನೆ ಕಿಟಕಿ. ಐದನೆಯದು ಗೋಣಿ ತುಂಡಿನ ಜೇಬು, ಅದರೊಳಗೆ ಚಾಕೊಲೇಟಿನ ಬೆಳ್ಳಿ ಕಾಗದದ ಪಾತ್ರೆ. ಕಷ್ಟ ಇರುವುದು ನಾಲ್ಕನೇ ಪುಟದಲ್ಲಿ. ಏಳು ತೆನೆ ಬಿಡಿಸಿ, ಮೇಲೆ ರಾಗಿ ಉದುರಿಸುವುದು. ಮಕ್ಕಳು ಫೆವಿಕಾಲ್ ಕೆರೆ ಮಾಡುತ್ತಾರೆ, ಕಾಗದ ಒದ್ದೆಯಾಗಿ ಬಾಗುತ್ತದೆ. ಇಲ್ಲವೇ ಏಳೂ ತೆನೆಗೆ ಒಟ್ಟಿಗೆ ಅಂಟು ಬಳಿದು ಕೂರುತ್ತಾರೆ, ಫ್ಯಾನಿನ ಗಾಳಿಗೆ ಅದು ಕೆನೆಗಟ್ಟಿ ರಾಗಿ ಹಿಡಿಯುವುದೇ ಇಲ್ಲ. ನಾಲ್ಕು ಮಕ್ಕಳಿಗೊಂದು ಕಾಗದದ ತಟ್ಟೆಯಲ್ಲಿ ಅಡಿಕೆ ಗಾತ್ರದ ಅಂಟು ಹಾಕಿ, ಬಳಿಯಲು ಬೆಂಕಿಕಡ್ಡಿ ಕೊಡಿ. ಒಂದು ತೆನೆಗೆ ಬಳಿದು, ರಾಗಿ ಹಾಕಿ, ಬೆರಳಲ್ಲಿ ಒತ್ತಿ, ಮುಂದಿನದಕ್ಕೆ ಹೋಗಲಿ. ಅರ್ಧ ಗಂಟೆ ಮಡಿಸಬಾರದು. ಮಡಿಕೆಯ ಗೆರೆಯಿಂದ ಅರ್ಧ ಇಂಚು ಒಳಗೇ ಇರಬೇಕು, ಇಲ್ಲವಾದರೆ ಮಡಿಸಿದಾಗಲೆಲ್ಲ ಧಾನ್ಯ ಉದುರುತ್ತದೆ.

ಪುಸ್ತಕಗಳು ಭಾನುವಾರದವರೆಗೆ ಚರ್ಚಿನಲ್ಲೇ ಇರಲಿ. ಬುಧವಾರ ಹೊಸದಾಗಿ ಸೇರಿದ ಮಗುವಿಗೂ ಒಂದು ದಿನ ಜ್ವರ ಬಂದು ತಪ್ಪಿಸಿಕೊಂಡ ಮಗುವಿಗೂ ಖಾಲಿ ಪುಟ ತುಂಬಲು ಶನಿವಾರ ಅರ್ಧ ಗಂಟೆ ಮೀಸಲಿಡಬೇಕು. ಆ ದಿನದ ಕೆಲಸ ಹಗುರ: ಆರನೇ ಪುಟದಲ್ಲಿ ಮಗು ತನ್ನ ಅಂಗೈ ಇಟ್ಟು ಸುತ್ತ ಪೆನ್ಸಿಲ್ ಎಳೆಯುವುದು, ಅಷ್ಟೇ.

ಹಾಡಿನ ಲೆಕ್ಕ ಸರಳ. ವಾರಕ್ಕೆ ಐದು ಸಾಕು: ಪ್ರತಿ ಬೆಳಗ್ಗೆ ಹಾಡುವ ಮುಖ್ಯ ಗೀತೆ ಒಂದು, ಗುರುವಾರದವರೆಗೆ ದಿನಕ್ಕೊಂದು ಅಭಿನಯ ಗೀತೆ. ಶುಕ್ರವಾರ, ಶನಿವಾರ ಹೊಸದು ಬೇಡವೇ ಬೇಡ. ಕೀಬೋರ್ಡಿನವರು ತಮ್ಮ ಗಂಟಲಿಗೆ ಶ್ರುತಿ ಹಿಡಿದರೆ ಮಕ್ಕಳಿಗೆ ಅದು ಪಾತಾಳ. ಆಗ ಅವರು ಹಾಡುವುದಿಲ್ಲ, ಗೊಣಗುತ್ತಾರೆ ಅಥವಾ ಕಿರುಚುತ್ತಾರೆ. ಎಂಟು ವರ್ಷದ ಹುಡುಗಿಯೊಬ್ಬಳನ್ನು ಮೊದಲು ಹಾಡಿಸಿ, ಅವಳ ದನಿ ಎಲ್ಲಿ ಸಲೀಸಾಗಿ ಕೂರುತ್ತದೋ ಅಲ್ಲಿ ಶ್ರುತಿ ಇಡಬೇಕು. ಇಂಗ್ಲಿಷ್ ಟ್ರ್ಯಾಕಿಗೆ ಕನ್ನಡ ಸಾಲು ತುರುಕಿದ ಹಾಡುಗಳ ಬಗ್ಗೆ ನನಗೆ ಅಷ್ಟಕ್ಕಷ್ಟೆ. ದೀರ್ಘ ಬರಬೇಕಾದ ಕಡೆ ಹ್ರಸ್ವ ಬಂದು ನಾಲಗೆ ತೊಡರುತ್ತದೆ, ಮೂರನೇ ದಿನಕ್ಕೂ ಮಕ್ಕಳು ಸ್ಕ್ರೀನ್ ನೋಡುತ್ತಲೇ ಇರುತ್ತಾರೆ. ಸ್ಕ್ರೀನ್ ಆರಿಸಿ ನೋಡಿ, ಹಾಡು ನಿಂತುಹೋದರೆ ಅದು ಮಕ್ಕಳಿಗೆ ಬಂದಿಲ್ಲ ಎಂದೇ ಅರ್ಥ.

ದಿನದ ಓಟ ಒಂಬತ್ತರಿಂದ ಹನ್ನೆರಡರವರೆಗೆ. ಮೊದಲು ಹಾಡು ಮತ್ತು ಯುವಜನರ ಕಿರುನಾಟಕ, ಆಮೇಲೆ ವಯಸ್ಸಿಗೆ ತಕ್ಕ ನಾಲ್ಕು ಗುಂಪುಗಳಲ್ಲಿ ಪಾಠ. ಹತ್ತೂಕಾಲಿಗೆ ಮಜ್ಜಿಗೆ, ಚುರುಮುರಿ, ಕೂಡಲೇ ಮರದ ನೆರಳಲ್ಲಿ ಆಟ. ಆಟವನ್ನು ಕೊನೆಗೆ ಇಟ್ಟುಕೊಂಡರೆ ಏಪ್ರಿಲ್ ಬಿಸಿಲು ಬಿಡುವುದಿಲ್ಲ. ಕೈಕೆಲಸ ಅದರ ನಂತರ, ಒಳಗೆ. ಪ್ರತಿ ಕೋಣೆಯಲ್ಲಿ ಇಬ್ಬರು ದೊಡ್ಡವರು ಇರಲೇಬೇಕು, ಮಗುವನ್ನು ಕರೆದೊಯ್ಯುವವರ ಹೆಸರು ರಿಜಿಸ್ಟರಿನಲ್ಲಿರಬೇಕು. ಅಕ್ಕಪಕ್ಕದ ಬೇರೆ ಧರ್ಮದ ಮಕ್ಕಳೂ ಗೆಳೆಯರ ಜೊತೆ ಬರುತ್ತಾರೆ. ಇಲ್ಲಿ ಏನು ಕಲಿಸುತ್ತೇವೆ ಎಂದು ಅವರ ತಂದೆತಾಯಿಗೆ ಮೊದಲೇ ಸ್ಪಷ್ಟವಾಗಿ ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಆಟಕ್ಕೆಂದು ಕರೆದು ಪಾಠ ಹೇಳುವುದು ಸರಿಯಲ್ಲ.

ಬರದ ಕಥೆಗೆ ಜೊತೆಯಾಗಿ ಒಂದು ಗೋಣಿಚೀಲವನ್ನು ಬಾಗಿಲಲ್ಲಿಡಬಹುದು. ಮಕ್ಕಳು ಮಂಗಳವಾರದಿಂದ ಶನಿವಾರದವರೆಗೆ ದಿನಕ್ಕೊಂದು ಹಿಡಿ ಅಕ್ಕಿ ತಂದು ಸುರಿಯಲಿ. ಹಿಡಿಗೆ ಐವತ್ತು ಗ್ರಾಂ ಹಿಡಿದರೂ ಅರವತ್ತು ಮಕ್ಕಳಿಂದ ಹದಿನೈದು ಕಿಲೋ ಆಗುತ್ತದೆ. ಗುರುವಾರ, ಸುಗ್ಗಿಯಲ್ಲಿ ಐದನೇ ಒಂದು ಪಾಲು ಎತ್ತಿಡುವ ಯೋಸೇಫನ ಸಲಹೆಯನ್ನು ವಿವರಿಸಲು ಚೀಲವೇ ಮುಂದಿರುತ್ತದೆ, ಅರ್ಧ ತುಂಬಿ.

ಭಾನುವಾರದ ಸಮಾರೋಪ ಆರಾಧನೆಯ ನಂತರ, ಒಂದು ಗಂಟೆ ಮೀರಬಾರದು. ಅದಕ್ಕೆ ಮೊದಲ ಶತ್ರು ಪ್ರಮಾಣಪತ್ರ. ಹೆಸರು ಕರೆದು, ಮಗು ನಡೆದು ಬಂದು, ಕೈಕುಲುಕಿ, ಫೋಟೊ ತೆಗೆಯುವ ಹೊತ್ತಿಗೆ ತಲೆಗೆ ಇಪ್ಪತ್ತು ಸೆಕೆಂಡ್, ಅರವತ್ತು ಮಕ್ಕಳಿಗೆ ಇಪ್ಪತ್ತು ನಿಮಿಷ. ಅವನ್ನು ಶನಿವಾರ ತರಗತಿಯಲ್ಲೇ ಹಂಚಿಬಿಡಿ. ಎರಡನೆಯ ಶತ್ರು ವೇದಿಕೆಯ ಭಾಷಣ. ಸಭಾಪಾಲಕರ ಎರಡು ಮಾತು, ಪ್ರಾರ್ಥನೆ ಸಾಕು, ಮುಖ್ಯ ಅತಿಥಿ ಇಲ್ಲದೆಯೂ ನಡೆಯುತ್ತದೆ.

ಉಳಿದದ್ದು ಮಕ್ಕಳದು. ಮುಖ್ಯ ಗೀತೆ ಹಾಡುತ್ತಾ ಒಳಬರಲಿ. ನಾಲ್ಕು ಗುಂಪು ಕಥೆಯ ನಾಲ್ಕು ಭಾಗ ಹೇಳಲಿ, ನಡುವೆ ಅದೇ ಅಭಿನಯ ಗೀತೆಗಳು ಬರಲಿ. ಇದಕ್ಕೆ ಬೇರೆ ತಾಲೀಮು ಬೇಡ, ಏಕೆಂದರೆ ವಾರವಿಡೀ ಮಾಡಿದ್ದೂ ಇದನ್ನೇ. ಪಾಠದ ಶಿಕ್ಷಕರ ಹತ್ತಿರ ‘ಇವತ್ತು ಹತ್ತು ನಿಮಿಷ ಬಿಟ್ಟುಕೊಡಿ, ಪ್ರಾಕ್ಟೀಸ್ ಇದೆ’ ಎಂದು ಯಾರಾದರೂ ಕೇಳಿದರೆ ಯೋಜನೆ ಹಳಿ ತಪ್ಪಿದೆ ಎಂದು ತಿಳಿಯಬೇಕು. ಆಮೇಲೆ ಬೋರ್ಡಿನ ಮೇಲೆ ವಾಕ್ಯ ಬರೆದು, ಒಂದೊಂದೇ ಪದ ಅಳಿಸುತ್ತಾ ದೊಡ್ಡವರಿಂದ ಹೇಳಿಸಿ. ಅಪ್ಪಂದಿರು ತೊದಲುವಾಗ ಮಕ್ಕಳಿಗೆ ಆಗುವ ಖುಷಿಗೆ ಲೆಕ್ಕವಿಲ್ಲ.

ಕೊನೆಯ ಹದಿನೈದು ನಿಮಿಷ ಎಲ್ಲರೂ ಮೇಜುಗಳ ಹತ್ತಿರ. ಮಗು ತನ್ನ ಪುಸ್ತಕ ಬಿಡಿಸಿ ಮನೆಯವರಿಗೆ ತಾನೇ ಕಥೆ ಹೇಳುತ್ತದೆ. ಮಕ್ಕಳಲ್ಲಿ ಒಬ್ಬನನ್ನು ಹೆಚ್ಚು ಮುದ್ದಿಸಿದ ಯಾಕೋಬನ ಪುಟವನ್ನು ಮಗುವಿನ ಬಾಯಲ್ಲಿ ಕೇಳುವುದು ಕೆಲವು ತಂದೆತಾಯಿಗೆ ಇರುಸುಮುರುಸಾಗಬಹುದು, ಆಗಲಿ. ಆರನೇ ಪುಟದಲ್ಲಿ ಪುಟ್ಟ ಅಂಗೈಯ ಗೆರೆಯ ಮೇಲೆ ಅಪ್ಪ ಅಥವಾ ಅಮ್ಮ ತಮ್ಮ ಕೈಯಿಟ್ಟು ಗೆರೆ ಎಳೆಯುತ್ತಾರೆ. ಮನೆಯವರು ಬಾರದ ಮಕ್ಕಳು ಪ್ರತಿ ವರ್ಷ ನಾಲ್ಕೈದು ಮಂದಿ ಇದ್ದೇ ಇರುತ್ತಾರೆ. ಶನಿವಾರವೇ ಅವರ ಹೆಸರು ತಿಳಿದುಕೊಂಡು, ಮಗುವಿಗೆ ಸಲುಗೆಯಿರುವ ಟೀಚರನ್ನೋ ಅಜ್ಜಿಯನ್ನೋ ಗೊತ್ತುಮಾಡಿ, ಶುರುವಾಗುವ ಮೊದಲೇ ಪಕ್ಕದಲ್ಲಿ ಕೂರಿಸಬೇಕು. ಆ ಹೊತ್ತಿಗೆ ಹುಡುಕಲು ಹೊರಟರೆ ಮಗು ಮೇಜಿನ ಹತ್ತಿರ ಒಂಟಿಯಾಗಿ ನಿಂತಿರುತ್ತದೆ.

ಅಕ್ಕಿ ಚೀಲ ಯಾರ ಮನೆಗೆ, ಯಾವ ಹಾಸ್ಟೆಲ್ಲಿಗೆ ಎಂಬುದನ್ನು ಮಕ್ಕಳ ಮುಂದೆಯೇ ಹೇಳಿ, ದೊಡ್ಡ ಗುಂಪಿನ ಇಬ್ಬರನ್ನು ಹೊರಲು ಕಳಿಸುವುದು ಒಳ್ಳೆಯದು. ಸೋಮವಾರ ಶಿಕ್ಷಕರು ಅರ್ಧ ಗಂಟೆ ಕೂತು, ಯಾವ ದಿನದ ಕೈಕೆಲಸ ಎಳೆಯಿತು, ಎಷ್ಟು ಹಾಳೆ ಉಳಿಯಿತು, ಯಾವ ಹಾಡು ಬರಲೇ ಇಲ್ಲ ಎಂದು ರಿಜಿಸ್ಟರಿನ ಕೊನೆಯ ಪುಟದಲ್ಲಿ ಬರೆದಿಡಲಿ. ಮುಂದಿನ ಏಪ್ರಿಲ್‌ಗೆ ಅರ್ಧಕ್ಕರ್ಧ ಶಿಕ್ಷಕರು ಹೊಸಬರಾಗಿರುತ್ತಾರೆ.