ಡಿಶ್ ಯಾಕೆ ಹಿಂದೆ ಬೀಳುತ್ತದೆ?

ಭೂಮಿಯಿಂದ 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್ ಓಡುತ್ತದೆ. ಒಂದು ದಿಗಂತದಲ್ಲಿ ಮೂಡಿ, ನೆತ್ತಿ ದಾಟಿ, ಇನ್ನೊಂದು ದಿಗಂತದಲ್ಲಿ ಮುಳುಗಲು ಅದಕ್ಕೆ ಹನ್ನೊಂದು ಹನ್ನೆರಡು ನಿಮಿಷ ಸಾಕು. ಅದು ತೆಗೆದ ಚಿತ್ರಗಳನ್ನು ನೆಲದ ಕೇಂದ್ರ ಅಷ್ಟರೊಳಗೆ ಇಳಿಸಿಕೊಳ್ಳಬೇಕು. ಇಳಿಸಿಕೊಳ್ಳುವ ಡಿಶ್ಶಿನ ಅಗಲ 7.5 ಮೀಟರ್ ಎಂದಿಟ್ಟುಕೊಳ್ಳೋಣ. 8 ಗಿಗಾಹರ್ಟ್ಸ್ ಆಸುಪಾಸಿನ ಎಕ್ಸ್ ಬ್ಯಾಂಡ್‌ನಲ್ಲಿ ಅದರ ನೋಟದ ಅಗಲ ಸುಮಾರು 0.34 ಡಿಗ್ರಿ. ಹುಣ್ಣಿಮೆಯ ಚಂದ್ರನ ಬಿಂಬಕ್ಕಿಂತಲೂ ಇದು ಕಿರಿದು. ಉಪಗ್ರಹ ಈ ನೋಟದ ನಡುವಿನಿಂದ 0.17 ಡಿಗ್ರಿ ಸರಿದರೆ ಸಿಗುವ ಸಿಗ್ನಲ್‌ನ ಶಕ್ತಿ ಅರ್ಧಕ್ಕೆ ಇಳಿಯುತ್ತದೆ.

ಡಿಶ್ ಉಪಗ್ರಹವನ್ನು ಹಿಂಬಾಲಿಸುವ ಬಗೆ ಸರಳವಾದದ್ದು. ಉಪಗ್ರಹ ಇರುವ ಕೋನದಿಂದ ಡಿಶ್ ನೋಡುತ್ತಿರುವ ಕೋನವನ್ನು ಕಳೆದರೆ ಸಿಗುವುದು ದೋಷ, ಅಂದರೆ ಎರರ್. ಕಂಟ್ರೋಲರ್ ಆ ದೋಷವನ್ನು ಒಂದು ಸಂಖ್ಯೆಯಿಂದ ಗುಣಿಸಿ ಮೋಟರಿಗೆ ಆದೇಶ ಕೊಡುತ್ತದೆ. ಆ ಸಂಖ್ಯೆ 5 ಆಗಿರಲಿ. ಆಗ 1 ಡಿಗ್ರಿ ದೋಷವಿದ್ದರೆ ಡಿಶ್ ಸೆಕೆಂಡಿಗೆ 5 ಡಿಗ್ರಿ ವೇಗದಲ್ಲಿ ತಿರುಗುತ್ತದೆ, 0.1 ಡಿಗ್ರಿ ಇದ್ದರೆ ಅರ್ಧ ಡಿಗ್ರಿ ವೇಗದಲ್ಲಿ. ದೋಷ ಸೊನ್ನೆಯಾದರೆ ಡಿಶ್ ನಿಲ್ಲುತ್ತದೆ. ಈ ಕೊನೆಯ ಮಾತಿನಲ್ಲೇ ಇಡೀ ವಿಷಯ ಅಡಗಿದೆ.

ಮೊದಲು ಸುಲಭದ ಕೆಲಸ ಕೊಡೋಣ. ಡಿಶ್ಶನ್ನು ಈಗಿರುವ ಜಾಗದಿಂದ 30 ಡಿಗ್ರಿ ತಿರುಗಿಸಿ ಅಲ್ಲೇ ನಿಲ್ಲಿಸಬೇಕು. ಎಂಜಿನಿಯರುಗಳು ಇದನ್ನು ಸ್ಟೆಪ್ ಇನ್‌ಪುಟ್ ಎನ್ನುತ್ತಾರೆ: ಗುರಿ ಒಮ್ಮೆ ಜಿಗಿದು ಆಮೇಲೆ ಅಲುಗದೆ ನಿಲ್ಲುತ್ತದೆ. ದೋಷ ಇರುವವರೆಗೂ ಮೋಟರು ತಿರುಗುತ್ತಲೇ ಇರುತ್ತದೆ, ಆದ್ದರಿಂದ ದೋಷ ಕರಗಿ ಸೊನ್ನೆಯಾಗುವವರೆಗೆ ಅದಕ್ಕೆ ಬಿಡುವಿಲ್ಲ. ಗುರಿ ಸೇರಿದ ಮೇಲೆ ನಿಲ್ಲಲು ಯಾವ ಆದೇಶವೂ ಬೇಕಿಲ್ಲ. ಹೀಗಾಗಿ ಕೊನೆಗೆ ಉಳಿಯುವ ದೋಷ, ಅಂದರೆ ಸ್ಟೆಡಿ ಸ್ಟೇಟ್ ಎರರ್, ಸೊನ್ನೆ.

ಈಗ ಉಪಗ್ರಹ ಬಂತು. ಅದು ನೇರ ನೆತ್ತಿಯ ಮೇಲೆ ಹಾಯುತ್ತಿದೆ, ಡಿಶ್ ಅದರ ಹಾದಿಗುಂಟ ಒಂದೇ ಅಕ್ಷದ ಮೇಲೆ ತಿರುಗುತ್ತಿದೆ ಎಂದುಕೊಳ್ಳಿ. ನೆತ್ತಿಯಲ್ಲಿ ಅದರ ಕೋನ ಬದಲಾಗುವ ವೇಗ 7.6ನ್ನು 500ರಿಂದ ಭಾಗಿಸಿದಷ್ಟು ರೇಡಿಯನ್, ಅಂದರೆ ಸೆಕೆಂಡಿಗೆ ಸುಮಾರು 0.87 ಡಿಗ್ರಿ. ಗುರಿ ಸಮವೇಗದಲ್ಲಿ ಸರಿಯುವ ಇಂಥ ಇನ್‌ಪುಟ್ಟಿಗೆ ರ‍್ಯಾಂಪ್ ಎಂದು ಹೆಸರು. ಡಿಶ್ ಕೂಡ 0.87ರ ವೇಗದಲ್ಲಿ ತಿರುಗಬೇಕಾದರೆ ಮೋಟರಿಗೆ ಆ ವೇಗದ ಆದೇಶ ಸಿಗುತ್ತಲೇ ಇರಬೇಕು. ಆದೇಶ ಹುಟ್ಟುವುದು ದೋಷದಿಂದ ಮಾತ್ರ. ಹಾಗಾಗಿ ದೋಷ ಇರಲೇಬೇಕು, 0.87 ಭಾಗಿಸು 5, ಅಂದರೆ 0.174 ಡಿಗ್ರಿ. ಡಿಶ್ ಉಪಗ್ರಹದಷ್ಟೇ ವೇಗವಾಗಿ ತಿರುಗುತ್ತಿದೆ, ಆದರೆ ಆ 0.174 ಡಿಗ್ರಿ ಹಿಂದೆಯೇ ಇದೆ. ನೋಟದ ಅರ್ಧ ಅಗಲ 0.17 ಎಂದು ಮೇಲೆ ನೋಡಿದೆವು. ಉಪಗ್ರಹ ಅತಿ ಹತ್ತಿರ ಬಂದು ಸಿಗ್ನಲ್ ಅತಿ ಬಲವಾಗಿರಬೇಕಾದ ಹೊತ್ತಿನಲ್ಲೇ ಅರ್ಧ ಶಕ್ತಿ ಕೈತಪ್ಪುತ್ತದೆ.

ಈ 5 ಎಂಬ ಸಂಖ್ಯೆಗೆ ವೆಲಾಸಿಟಿ ಎರರ್ ಕಾನ್‌ಸ್ಟಂಟ್ ಎಂಬ ಹೆಸರಿದೆ, ಗುರುತು Kv. ಸೂತ್ರ ಇಷ್ಟೇ: ದೋಷ = ಗುರಿಯ ವೇಗ / Kv. ಪಠ್ಯಪುಸ್ತಕಗಳಲ್ಲಿ ಇದನ್ನು ಲಾಪ್ಲಾಸ್ ಭಾಷೆಯಲ್ಲಿ, s ಸೊನ್ನೆಯತ್ತ ಸಾಗಿದಾಗ s·G(s) ತಲುಪುವ ಬೆಲೆ ಎಂದು ಬರೆದಿರುತ್ತಾರೆ. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗಳಿಗೆ ಮೋಟರಿನ ಹಸಿವನ್ನು ತೋರಿಸುವವರು ಕಡಿಮೆ ಎನ್ನುವುದು ನನ್ನ ಕೊರಗು. ಒಂದು ಡಿಗ್ರಿ ದೋಷ ತಿಂದು ಎಷ್ಟು ವೇಗ ಕೊಡುತ್ತದೆ ಎಂಬುದೇ Kv.

Kvಯನ್ನು 50ಕ್ಕೆ ಏರಿಸಿದರೆ ದೋಷ ಹತ್ತರಲ್ಲೊಂದು ಪಾಲಿಗೆ ಇಳಿಯುವುದಿಲ್ಲವೇ? ಲೆಕ್ಕದಲ್ಲಿ ಇಳಿಯುತ್ತದೆ. ಆದರೆ ಟನ್‌ಗಟ್ಟಲೆ ತೂಗುವ ಡಿಶ್, ಅದರ ಗೇರುಗಳು, ಕಂಬ ಎಲ್ಲವೂ ಸ್ವಲ್ಪ ಬಳುಕುತ್ತವೆ. ಸೆಕೆಂಡಿಗೆ ಕೆಲವೇ ಸಲ ತೂಗಾಡುವ ಸಹಜ ಕಂಪನ ಅವಕ್ಕಿರುತ್ತದೆ. ಗೇನ್ ಹೆಚ್ಚಿಸುತ್ತ ಹೋದರೆ ಕಂಟ್ರೋಲರ್ ಆ ಕಂಪನವನ್ನು ತಣಿಸುವ ಬದಲು ಕುಮ್ಮಕ್ಕು ಕೊಡಲು ತೊಡಗುತ್ತದೆ, ಡಿಶ್ ನಡುಗುತ್ತ ಲೂಪ್ ಅಸ್ಥಿರವಾಗುತ್ತದೆ. ಲೂಪ್ ಸ್ಥಿರವಾಗಿಲ್ಲದಿದ್ದರೆ ಸ್ಟೆಡಿ ಸ್ಟೇಟ್ ಎಂಬುದೇ ಇರುವುದಿಲ್ಲ. ಆಗ ಈ ಸೂತ್ರಗಳಿಂದ ಬರುವ ಉತ್ತರಕ್ಕೆ ಅರ್ಥವೂ ಇಲ್ಲ.

ಇದಕ್ಕೆ ಬೇರೆ ದಾರಿ ಇಂಟಿಗ್ರೇಟರ್. ದೋಷವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋಗುವ ಭಾಗ ಅದು. ಮನೆಯ ಮೇಲಿನ ತೊಟ್ಟಿಯ ಹಾಗೆ: ನಲ್ಲಿಯಲ್ಲಿ ನೀರು ಬರುವವರೆಗೆ ಮಟ್ಟ ಏರುತ್ತದೆ, ನಲ್ಲಿ ನಿಂತ ಮೇಲೂ ತುಂಬಿದ ನೀರು ಅಲ್ಲೇ ಇರುತ್ತದೆ. ಉಪಗ್ರಹ ಮುಂದೋಡಿದಾಗ ದೋಷ ಹುಟ್ಟಿ ಇಂಟಿಗ್ರೇಟರನ್ನು ತುಂಬುತ್ತದೆ. ಅದರ ಮಟ್ಟ 0.87ರ ವೇಗಕ್ಕೆ ಸಾಕಾಗುವಷ್ಟು ಆದ ಮೇಲೆ ಮೋಟರಿಗೆ ಆದೇಶ ಅಲ್ಲಿಂದಲೇ ಸಿಗುತ್ತದೆ, ದೋಷ ಸೊನ್ನೆಗೆ ಇಳಿಯಬಹುದು. ಸಮವೇಗದಲ್ಲಿ ಓಡುವ ಗುರಿಯನ್ನು ಡಿಶ್ ಈಗ ನಟ್ಟನಡುವೆ ಹಿಡಿದಿರುತ್ತದೆ.

ಸಿಸ್ಟಮ್ ಟೈಪ್ ಎನ್ನುವುದು ಲೂಪಿನೊಳಗೆ ಇಂಥ ಇಂಟಿಗ್ರೇಟರುಗಳು ಎಷ್ಟಿವೆ ಎಂಬ ಎಣಿಕೆ. ಮೊದಲಿನ ಡಿಶ್ಶಿನಲ್ಲೂ ಒಂದಿತ್ತು, ನಾವು ಗಮನಿಸಲಿಲ್ಲ ಅಷ್ಟೆ. ವೇಗದ ಆದೇಶ ಪಡೆದ ಮೋಟರು ಆ ವೇಗವನ್ನು ಕೂಡಿಸುತ್ತ ಹೋಗಿ ಕೋನವಾಗಿಸುತ್ತದೆ, ಅದೇ ಒಂದು ಇಂಟಿಗ್ರೇಟರ್. ಹಾಗಾಗಿ ಅದು ಟೈಪ್ 1. ಕಂಟ್ರೋಲರಿನಲ್ಲಿ ಇನ್ನೊಂದು ಸೇರಿಸಿದಾಗ ಟೈಪ್ 2 ಆಯಿತು. ಒಂದೂ ಇಲ್ಲದಿದ್ದರೆ ಟೈಪ್ 0. ಅಲ್ಲಿ ನಿಂತ ಗುರಿಗೂ ದೋಷ ಉಳಿಯುತ್ತದೆ, ಒಂದು ಅಳತೆಯ ಸ್ಟೆಪ್ಪಿಗೆ 1/(1+Kp) ಎಂಬ ಪ್ರಮಾಣದಲ್ಲಿ. Kp 19 ಇದ್ದರೆ ನೂರಕ್ಕೆ 5ರಷ್ಟು ಕೊರತೆ. ವಿದ್ಯುತ್ ಕೇಂದ್ರಗಳ ಟರ್ಬೈನ್ ಗವರ್ನರುಗಳಲ್ಲಿ ಇಂಥದೇ ಕೊರತೆಯನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ. ಹೊರೆ ಏರಿದಂತೆ ಪ್ರತಿ ಯಂತ್ರದ ವೇಗವೂ ಸ್ವಲ್ಪ ಬಾಗಿದರೆ ಮಾತ್ರ ಒಂದೇ ಜಾಲದ ಯಂತ್ರಗಳು ಹೊರೆಯನ್ನು ಹಂಚಿಕೊಳ್ಳುತ್ತವೆ. ಎಲ್ಲವೂ ಸೊನ್ನೆ ದೋಷಕ್ಕೆ ಹಟ ಹಿಡಿದರೆ ಒಂದರ ಜತೆ ಒಂದು ಕಿತ್ತಾಡುತ್ತವೆ.

ಡಿಶ್ಶಿಗೆ ಮರಳೋಣ. ಉಪಗ್ರಹದ ಕೋನದ ವೇಗ ಹಾದಿಯುದ್ದಕ್ಕೂ 0.87 ಇರುವುದಿಲ್ಲ. ದಿಗಂತದ ಬಳಿ ನಿಧಾನ, ನೆತ್ತಿಗೆ ಬಂದಂತೆ ಬಿರುಸು, ದಾಟಿದ ಮೇಲೆ ಮತ್ತೆ ನಿಧಾನ. ಗುರಿಗೆ ವೇಗೋತ್ಕರ್ಷವಿದೆ. ವೇಗ ಒಂದೇ ಸಮನೆ ಏರುತ್ತ ಹೋಗುವ ಆದರ್ಶ ರೂಪವೇ ಪ್ಯಾರಾಬೊಲಿಕ್ ಇನ್‌ಪುಟ್. ಈಗ ಇಂಟಿಗ್ರೇಟರಿನ ಮಟ್ಟ ಒಂದೆಡೆ ನಿಂತರೆ ಸಾಲದು, ಏರುತ್ತಲೇ ಇರಬೇಕು. ಏರಿಸುವುದು ದೋಷವೇ. ಹಾಗಾಗಿ ಟೈಪ್ 2ರಲ್ಲೂ ದೋಷ ಮರಳಿ ಬರುತ್ತದೆ: ಗುರಿಯ ವೇಗೋತ್ಕರ್ಷ / Ka. ಟೈಪ್ 1ಕ್ಕೆ ಇಂಥ ಗುರಿ ಕೊಟ್ಟರೆ ದೋಷ ಬೆಳೆಯುತ್ತಲೇ ಹೋಗುತ್ತದೆ. ಗುರಿಯ ಚಲನೆ ಒಂದು ಮೆಟ್ಟಿಲು ಕಠಿಣವಾದಾಗಲೆಲ್ಲ ಇನ್ನೊಂದು ಇಂಟಿಗ್ರೇಟರ್ ಬೇಕಾಗುತ್ತದೆ.

ನಮ್ಮ ಕಂಟ್ರೋಲರಿನಲ್ಲಿ ಗೇನ್ 5ನ್ನು ಹಾಗೇ ಉಳಿಸಿ, ಅದರ ಜತೆಗೆ ದೋಷದ ಕೂಡಿಕೆಯ 0.4 ಪಾಲನ್ನೂ ಸೇರಿಸೋಣ.

```
G(s) = 5(s + 0.4) / s²
Ka   = 5 × 0.4 = 2
```

ನೆತ್ತಿಗೆ ಬರುವ ಸುಮಾರು 38 ಸೆಕೆಂಡ್ ಮೊದಲು ವೇಗೋತ್ಕರ್ಷ ಗರಿಷ್ಠವಾಗುತ್ತದೆ, ಸುಮಾರು 0.0086 ಡಿಗ್ರಿ ಪ್ರತಿ ಸೆಕೆಂಡ್ ವರ್ಗಕ್ಕೆ. 2ರಿಂದ ಭಾಗಿಸಿದರೆ ದೋಷ 0.0043 ಡಿಗ್ರಿ. ಮೊದಲಿನ 0.174ರ ನಲವತ್ತರಲ್ಲೊಂದು ಪಾಲು. ನೋಟದ ಅಗಲಕ್ಕೆ ಹೋಲಿಸಿದರೆ ಇದು ಲೆಕ್ಕಕ್ಕೇ ಇಲ್ಲ. ಗೇನನ್ನು ಒಂದಿಷ್ಟೂ ಏರಿಸದೆ ಇಷ್ಟು ಸಿಕ್ಕಿತು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಟೈಪ್ 2 ಲೂಪಿಗೆ ಸ್ಟೆಪ್ ಕೊಟ್ಟರೆ ಅದು ಗುರಿಯನ್ನು ದಾಟಿ ಹಿಂದಕ್ಕೆ ಬರಲೇಬೇಕು, ಟ್ಯೂನಿಂಗ್ ಎಷ್ಟೇ ಚೆನ್ನಾಗಿರಲಿ. ಡಿಶ್ ಕೊನೆಗೆ ನಿಂತಾಗ ವೇಗ ಸೊನ್ನೆ, ಆದ್ದರಿಂದ ಇಂಟಿಗ್ರೇಟರೂ ಖಾಲಿಯಾಗಿರಬೇಕು. ಗುರಿಯತ್ತ ಹೋಗುವಾಗ ತುಂಬಿಕೊಂಡದ್ದನ್ನು ಖಾಲಿ ಮಾಡಲು ವಿರುದ್ಧ ದಿಕ್ಕಿನ ದೋಷ ಬೇಕು. ದೂರದ ತಿರುವಿನಲ್ಲಿ ಮೋಟರು ತನ್ನ ಗರಿಷ್ಠ ವೇಗ ಮುಟ್ಟಿ ನಿಂತರೂ ಇಂಟಿಗ್ರೇಟರ್ ಸುಮ್ಮನೆ ತುಂಬುತ್ತಲೇ ಇರುತ್ತದೆ, ಆಗ ದಾಟುವಿಕೆ ಇನ್ನೂ ಕೆಡುತ್ತದೆ. ಅದಕ್ಕೇ ಡಿಶ್ ಗುರಿಯ ಹತ್ತಿರ ಬಂದ ಮೇಲಷ್ಟೇ ಇಂಟಿಗ್ರೇಟರನ್ನು ಚಾಲೂ ಮಾಡುವ ರೂಢಿಯಿದೆ. ಉಪಗ್ರಹದ ಕಕ್ಷೆ ಮೊದಲೇ ಗೊತ್ತಿರುವಾಗ, ಬೇಕಾದ ವೇಗವನ್ನು ಲೆಕ್ಕಹಾಕಿ ನೇರ ಮೋಟರಿಗೆ ಕೊಟ್ಟು ದೋಷದ ಮೇಲಿನ ಹೊರೆ ಇಳಿಸುವುದೂ ಉಂಟು.

ಎಲ್ಲ ಡಿಶ್ಶಿಗೂ ಟೈಪ್ 2 ಬೇಕೆಂದೇನೂ ಇಲ್ಲ, ಹಿಂಬಾಲಿಸುವ ಗುರಿಯನ್ನು ನೋಡಿ ಹೇಳಬೇಕು. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಚಂದ್ರಯಾನ-1ಕ್ಕಾಗಿ 2008ರಲ್ಲಿ ಸಜ್ಜಾದ 32 ಮೀಟರಿನ ಡಿಶ್ಶಿಗೆ ಚಂದ್ರನ ಸುತ್ತಲಿನ ನೌಕೆ ಆಕಾಶದಲ್ಲಿ ತೆವಳುವಂತೆ ಕಾಣುತ್ತದೆ. ಭೂಮಿ ತಿರುಗುವುದರಿಂದ ಬರುವ ವೇಗವೇ ಹೆಚ್ಚು, ಅದೂ ಸೆಕೆಂಡಿಗೆ ಸುಮಾರು 0.004 ಡಿಗ್ರಿ. ಅಷ್ಟು ನಿಧಾನದ ರ‍್ಯಾಂಪ್‌ಗೆ Kv 5 ಇರುವ ಬರಿಯ ಟೈಪ್ 1 ಲೂಪ್ ಕೂಡ 0.0008 ಡಿಗ್ರಿ ಮಾತ್ರ ಹಿಂದೆ ಬಿದ್ದೀತು. ಇಂಥ ದೊಡ್ಡ ಡಿಶ್ಶಿಗೆ ಎಕ್ಸ್ ಬ್ಯಾಂಡ್‌ನಲ್ಲಿ ನೋಟದ ಅಗಲ ಸುಮಾರು 0.08 ಡಿಗ್ರಿ, ಈ ದೋಷ ಅದರ ನೂರರಲ್ಲೊಂದು ಪಾಲು.

ಆದರೆ ದೊಡ್ಡ ಡಿಶ್ಶಿಗೆ ಗಾಳಿಯ ಕಾಟವಿದೆ, ಅಲ್ಲಿ ಟೈಪಿನ ಎಣಿಕೆ ಮೋಸ ಮಾಡಬಲ್ಲದು. ಟೈಪ್ 1 ಎಂದರೆ ನಿಂತ ಗುರಿಗೆ ದೋಷ ಸೊನ್ನೆ ಎಂದೆವು. ಒಂದೇ ಸಮನೆ ಬೀಸುವ ಗಾಳಿ ಡಿಶ್ಶನ್ನು ತಳ್ಳಿದರೆ ಆ ಮಾತು ನಿಲ್ಲುವುದಿಲ್ಲ. ಗಾಳಿಗೆ ಎದುರು ನಿಲ್ಲಲು ಮೋಟರು ಬಲ ಕೊಡುತ್ತಲೇ ಇರಬೇಕು, ಆ ಬಲದ ಆದೇಶಕ್ಕೆ ಮತ್ತೆ ದೋಷ ಬೇಕು. ಲೂಪಿನಲ್ಲಿ ಇಂಟಿಗ್ರೇಟರ್ ಇದೆ ನಿಜ, ಆದರೆ ಅದಿರುವುದು ಗಾಳಿ ತಳ್ಳುವ ಜಾಗದ ಆಚೆ, ಮೋಟರಿನ ತಿರುಗುವಿಕೆಯಲ್ಲಿ. ಗಾಳಿಯನ್ನು ಸೋಲಿಸಬೇಕಾದರೆ ಇಂಟಿಗ್ರೇಟರ್ ಅದಕ್ಕಿಂತ ಈಚೆ, ಕಂಟ್ರೋಲರಿನ ಒಳಗೆ ಇರಬೇಕು.

ಏನು ಕೆಟ್ಟಿದೆ ಎಂದು ತಿಳಿಯಲು ದೋಷದ ದಾಖಲೆಯ ಗ್ರಾಫ್ ಸಾಕು. ಅದು ನೆತ್ತಿಯಲ್ಲಿ ತುದಿ ಮುಟ್ಟುವ ಒಂದೇ ಗುಡ್ಡದ ಹಾಗಿದ್ದರೆ ದೋಷ ವೇಗವನ್ನು ಅನುಸರಿಸುತ್ತಿದೆ, ಲೂಪ್ ಟೈಪ್ 1ರಂತೆ ನಡೆಯುತ್ತಿದೆ. ಟೈಪ್ 2 ಎಂದು ಕಟ್ಟಿದ ಡಿಶ್ ಹೀಗೆ ತೋರಿಸಿದರೆ ಇಂಟಿಗ್ರೇಟರ್ ಚಾಲೂ ಆಗಿಯೇ ಇಲ್ಲ. ನೆತ್ತಿಗೆ ಮೊದಲು ಪುಟ್ಟ ಗುಡ್ಡ, ನೆತ್ತಿಯಲ್ಲಿ ಸೊನ್ನೆ, ಆಮೇಲೆ ಅಷ್ಟೇ ಆಳದ ತಗ್ಗು ಕಂಡರೆ ದೋಷ ವೇಗೋತ್ಕರ್ಷವನ್ನು ಅನುಸರಿಸುತ್ತಿದೆ, ಅದು ಸರಿಯಾದ ಟೈಪ್ 2. ಗುರಿ ನಿಂತಿದ್ದಾಗಲೂ ಬದಲಾಗದೆ ಉಳಿಯುವ ದೋಷಕ್ಕೆ ಗಾಳಿಯನ್ನೋ ಬೇರಿಂಗಿನ ಬಿಗಿತವನ್ನೋ ಹುಡುಕಬೇಕು. ದಾಖಲೆಯಲ್ಲಿ ದೋಷ ಸೊನ್ನೆ ಇದ್ದೂ ಸಿಗ್ನಲ್ ಮಾತ್ರ ಕುಗ್ಗಿದ್ದರೆ ತಪ್ಪು ಕೋನ ಅಳೆಯುವ ಎನ್‌ಕೋಡರಿನಲ್ಲಿರಬಹುದು, ಅಥವಾ ತನ್ನ ಭಾರಕ್ಕೆ ಡಿಶ್ಶೇ ಬಾಗಿರಬಹುದು. ಇಂಟಿಗ್ರೇಟರ್ ಸೊನ್ನೆ ಮಾಡುವುದು ಅಳೆದ ದೋಷವನ್ನು ಮಾತ್ರ. ಆಗ ಜಾಗ ಖಚಿತವಾಗಿ ಗೊತ್ತಿರುವ ರೇಡಿಯೋ ನಕ್ಷತ್ರದತ್ತ ಡಿಶ್ಶನ್ನು ತಿರುಗಿಸಿ, ಎನ್‌ಕೋಡರ್ ಹೇಳುವ ಕೋನಕ್ಕೂ ಸಿಗ್ನಲ್ ಗರಿಷ್ಠವಾಗುವ ಕೋನಕ್ಕೂ ಇರುವ ವ್ಯತ್ಯಾಸವನ್ನು ಅಳೆದು ತಿದ್ದುತ್ತಾರೆ.